ಚಾಟ್‌ನ ಒಂದು ಸಾಲು: ಆಡುಮಾತಿನಲ್ಲಾ, ಬರಹದ ಕನ್ನಡದಲ್ಲಾ?

ಇಂಗ್ಲಿಷ್‌ನಲ್ಲಿ ಒಂದು ಸಾಲು ಇದೆ ಅಂದುಕೊಳ್ಳಿ. 'ಆರ್ ಯೂ ಕಮಿಂಗ್ ಆರ್ ನಾಟ್? ಐ ಹ್ಯಾವ್ ಬೀನ್ ವೇಟಿಂಗ್ ಅಟ್ ದ ಬಸ್ ಸ್ಟ್ಯಾಂಡ್ ಫಾರ್ ಹಾಫ್ ಆನ್ ಅವರ್.' ಗೆಳೆಯನೊಬ್ಬ ಇನ್ನೊಬ್ಬ ಗೆಳೆಯನಿಗೆ ಫೋನಿನಲ್ಲಿ ಕಳಿಸಿದ ಮೆಸೇಜು ಇದು. ಕಥೆಯಲ್ಲೋ ಸಬ್‌ಟೈಟಲ್‌ನಲ್ಲೋ ಬಂದಿದೆ, ಕನ್ನಡಕ್ಕೆ ತರಬೇಕು. ನಮ್ಮ ಮುಂದೆ ಮೂರು ದಾರಿಗಳಿವೆ.

ಒಂದನೆಯದು ಹೀಗೆ: 'ನೀನು ಬರುತ್ತಿರುವೆಯೋ ಅಥವಾ ಇಲ್ಲವೋ? ನಾನು ಅರ್ಧ ಗಂಟೆಯಿಂದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೇನೆ.'

ಎರಡನೆಯದು: 'ಬರ್ತೀಯೋ ಇಲ್ವೋ? ಅರ್ಧ ಗಂಟೆಯಿಂದ ಬಸ್ ಸ್ಟ್ಯಾಂಡಲ್ಲಿ ಕಾಯ್ತಾ ಇದ್ದೀನಿ.'

ಮೂರನೆಯದು: 'ಬರ್ತೀಯೋ ಇಲ್ವೋ? ಅರ್ದ್ ಗಂಟೆಯಿಂದ ಬಸ್ಟ್ಯಾಂಡಲ್ ಕಾಯ್ತಿದೀನ್ ಕಣೋ.'

ಮೊದಲನೆಯದು ಬರಹದ ಕನ್ನಡ. ಮೂರನೆಯದು ಕಿವಿಗೆ ಬಿದ್ದ ಹಾಗೇ ಇಳಿಸಿದ್ದು. ಎರಡನೆಯದು ನಡುವೆ ಇದೆ. ಹೆಚ್ಚಿನ ಸಲ ಎರಡನೆಯದೇ ಸರಿ ಅನ್ನೋದು ನನ್ನ ಅಭಿಪ್ರಾಯ. ಆದರೆ ಅದು 'ಸ್ವಲ್ಪ ಇದು, ಸ್ವಲ್ಪ ಅದು' ಅಂತ ಬೆರೆಸಿದ್ದಲ್ಲ. ಎಲ್ಲಿ ಮಾತಿನ ರೂಪ ಹಾಕಬೇಕು, ಎಲ್ಲಿ ಬರಹದ ರೂಪ ಉಳಿಸಬೇಕು ಅನ್ನೋದಕ್ಕೆ ಒಂದು ಲೆಕ್ಕ ಇದೆ: ಕ್ರಿಯಾಪದದ ಕೊನೆ ಮತ್ತು ಮಾತನ್ನು ಜೋಡಿಸುವ ಸಣ್ಣ ಪದಗಳು ಆಡುಮಾತಿನವಾಗಿರಲಿ, ಉಳಿದ ಪದಗಳ ಮೈಯನ್ನು ಮುಟ್ಟಬೇಡಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮೊದಲನೆಯ ಅನುವಾದ ಯಾಕೆ ಚಾಟ್‌ನ ಹಾಗೆ ಕೇಳಿಸುವುದಿಲ್ಲ? ತುಂಬ ಜನ 'ಬರುತ್ತಿ' ಅಂತ ಪೂರ್ತಿ ಬರೆದದ್ದಕ್ಕೆ ಅಂದುಕೊಳ್ಳುತ್ತಾರೆ. ಅದು ಇಡೀ ಕಾರಣ ಅಲ್ಲ. ಆ ಸಾಲಿನಲ್ಲಿ 'ಬರುತ್ತಿರುವೆಯೋ' ತೆಗೆದು 'ಬರ್ತಿದ್ದೀಯೋ' ಹಾಕಿ ನೋಡಿ: 'ನೀನು ಬರ್ತಿದ್ದೀಯೋ ಅಥವಾ ಇಲ್ಲವೋ? ನಾನು ಅರ್ಧ ಗಂಟೆಯಿಂದ ಬಸ್ ನಿಲ್ದಾಣದಲ್ಲಿ ಕಾಯ್ತಿದ್ದೀನಿ.' ಇನ್ನೂ ಸರಿ ಹೋಗಿಲ್ಲ, ಅಲ್ವಾ? ತೊಡಕು ಬೇರೆ ಕಡೆಯೂ ಇದೆ. 'ನೀನು', 'ನಾನು' ಎರಡೂ ಬೇಡ, ಕ್ರಿಯಾಪದದ ಕೊನೆಯೇ ಯಾರು ಅಂತ ಹೇಳುತ್ತದೆ. ಮಾತಿನಲ್ಲಿ ನಾವು 'ನಾನು' ಅಂತ ಎತ್ತಿ ಹೇಳಿದರೆ 'ನಾನಂತೂ ಕಾಯ್ತಾ ಇದ್ದೀನಿ, ಬೇರೆಯವರು ಇಲ್ಲ' ಅನ್ನುವ ಒತ್ತು ಬಂದುಬಿಡುತ್ತದೆ. 'ಅಥವಾ' ಇಂಗ್ಲಿಷ್‌ನ 'ಆರ್' ಹಿಂದೆ ಹೋಗಿ ಬಂದದ್ದು. ಕನ್ನಡದಲ್ಲಿ ಎರಡು 'ಓ'ಗಳೇ ಆ ಕೆಲಸ ಮಾಡಿ ಮುಗಿಸಿವೆ.

ಇನ್ನೊಂದು ಸೂಕ್ಷ್ಮ ಇದೆ. ಇಂಗ್ಲಿಷ್‌ನ 'ಆರ್ ಯೂ ಕಮಿಂಗ್' ಅನ್ನೋದಕ್ಕೆ 'ಬರ್ತಿದ್ದೀಯಾ' ಅಂತ ಹಾಕಿದರೆ ಆತ ಆಗಲೇ ಹೊರಟಿದ್ದಾನೆ, ದಾರಿಯಲ್ಲಿದ್ದಾನೆ ಅಂತ ಅರ್ಥ. 'ಬರ್ತೀಯಾ' ಅಂದರೆ ಬರುವ ಮನಸ್ಸಿದೆಯಾ ಅಂತ. 'ಆರ್ ನಾಟ್' ಅನ್ನೋದು ಸೇರಿದಾಗ ಕೇಳುತ್ತಿರುವುದು ಮನಸ್ಸನ್ನೇ, ಹಾಗಾಗಿ 'ಬರ್ತೀಯೋ ಇಲ್ವೋ'. ಅದನ್ನೇ 'ಬರ್ತೀಯಾ ಇಲ್ವಾ' ಅಂದರೆ ಸ್ವಲ್ಪ ಮೆತ್ತಗಾಗುತ್ತದೆ, 'ಓ' ಹಾಕಿದರೆ ಸಿಟ್ಟು ಕಾಣುತ್ತದೆ. ಅರ್ಧ ಗಂಟೆ ಕಾದವನ ಬಾಯಲ್ಲಿ 'ಓ' ಬರುವುದೇ ಜಾಸ್ತಿ.

ಬರಹದ ವಾಸನೆ ತರುವ ಇನ್ನೂ ಮೂರು ಗುರುತುಗಳಿವೆ, ಈ ಸಾಲಿನಲ್ಲಿ ಇಲ್ಲದಿದ್ದರೂ ಮುಂದಿನ ಸಾಲಿನಲ್ಲಿ ಸಿಕ್ಕೇ ಸಿಗುತ್ತವೆ. ಒಂದು, 'ಅನ್ನು'. 'ಬಾಗಿಲನ್ನು ಹಾಕಿದ್ಯಾ', 'ಕಾಫಿಯನ್ನು ಕುಡಿದ್ಯಾ' ಅಂತ ಯಾರೂ ಕೇಳುವುದಿಲ್ಲ. 'ಬಾಗಿಲು ಹಾಕಿದ್ಯಾ', 'ಕಾಫಿ ಕುಡಿದ್ಯಾ', ಅಷ್ಟೇ. ವಸ್ತುವಾದರೆ ಆಡುಮಾತು ಸಾಮಾನ್ಯವಾಗಿ 'ಅನ್ನು' ಬಿಡುತ್ತದೆ, ಮನುಷ್ಯರಾದರೆ ಉಳಿಸಿಕೊಳ್ಳುತ್ತದೆ: 'ಅವನನ್ನ ನೋಡಿದ್ಯಾ' ಅಂತಲೇ ಹೇಳಬೇಕು, 'ಅವನು ನೋಡಿದ್ಯಾ' ಅಂದರೆ ವಾಕ್ಯ ನಿಲ್ಲುವುದೇ ಇಲ್ಲ. ಎರಡು, 'ಎಂದು'. ಮಾತಿನಲ್ಲಿ ಅದು 'ಅಂತ'. ಮೂರು, 'ಏ' ಹಚ್ಚಿದ ಪ್ರಶ್ನೆ. 'ಬಂದನೇ?', 'ಇಲ್ಲವೇ?' ಅನ್ನೋದು ಪುಸ್ತಕದ್ದು, 'ಬಂದನಾ?', 'ಇಲ್ವಾ?' ಅನ್ನೋದು ಬಾಯಿಯದ್ದು. ಈ ಮೂರನ್ನು ಸರಿ ಮಾಡಿ, ಬೇಡದ 'ನಾನು ನೀನು' ಕಿತ್ತುಹಾಕಿದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಯಿತು. ಸ್ವರಗಳನ್ನು ಹೆಚ್ಚು ಕತ್ತರಿಸದೆ ಇಷ್ಟು ಸಾಧ್ಯ ಅನ್ನೋದನ್ನು ಗಮನಿಸಿ.

ಹಾಗಾದರೆ ಮೂರನೆಯದರಲ್ಲಿ ತಪ್ಪೇನು? ಮಾತು ನಿಜಕ್ಕೂ ಹಾಗೇ ಕೇಳಿಸುತ್ತದೆ. ಬೇಗ ಮಾತಾಡುವಾಗ 'ಅರ್ಧ' ಹೋಗಿ 'ಅರ್ದ್' ಆಗುತ್ತದೆ, 'ಸ್ಟ್ಯಾಂಡಲ್ಲಿ' ಕೊನೆಯ 'ಇ' ಕಳೆದುಕೊಳ್ಳುತ್ತದೆ. ಆದರೆ ಓದುವವರ ಕಣ್ಣು ಪದದ ಆಕಾರವನ್ನು ಗುರುತಿಸಿ ಮುಂದೆ ಓಡುತ್ತದೆ. 'ಅರ್ಧ' ಅನ್ನುವ ಆಕಾರ ಕಣ್ಣಿಗೆ ಗೊತ್ತು, 'ಅರ್ದ್' ಗೊತ್ತಿಲ್ಲ. ಅಲ್ಲಿ ನಿಂತು, ಮನಸ್ಸಿನಲ್ಲೇ ಗಟ್ಟಿಯಾಗಿ ಓದಿ, ಆಮೇಲೆ ಅರ್ಥ ಮಾಡಿಕೊಳ್ಳಬೇಕು. 'ಬರ್ತೀಯೋ', 'ಇಲ್ವೋ' ಹಾಗಲ್ಲ. ಕಥೆ ಕಾದಂಬರಿಗಳ ಸಂಭಾಷಣೆಯಲ್ಲಿ, ನಾಟಕಗಳಲ್ಲಿ ಈ ರೂಪಗಳನ್ನು ನೋಡಿ ನೋಡಿ ಕನ್ನಡಿಗರ ಕಣ್ಣು ಪಳಗಿದೆ. ಕೈಲಾಸಂ ಮನೆಮಾತನ್ನು ರಂಗದ ಮೇಲೆ ತಂದು ಸುಮಾರು 100 ವರ್ಷವೇ ಆಯಿತು. ಅಂದರೆ ಆಡುಮಾತಿಗೂ ಒಂದು ರೂಢಿಯಾದ ಕಾಗುಣಿತ ಬೆಳೆದಿದೆ, ನಾವು ಆರಿಸಬೇಕಾದದ್ದು ಅದನ್ನು. ರೆಕಾರ್ಡರ್ ಹಾಕಿಕೊಂಡು ಕೇಳಿದ ಸದ್ದನ್ನಲ್ಲ.

ಇನ್ನೂ ದೊಡ್ಡ ತೊಂದರೆ ಅರ್ಥ ಕಲಸಿಹೋಗುವುದು. 'ಊಟ ಮಾಡ್ದೆ ಬಂದೆ' ಅಂತ ಬರೆದಿದ್ದೀರಿ ಅಂದುಕೊಳ್ಳಿ. ಊಟ ಆಯಿತಾ, ಇಲ್ಲವಾ? 'ಮಾಡಿದೆ' ಅನ್ನೋದೂ ಬಾಯಲ್ಲಿ 'ಮಾಡ್ದೆ' ಆಗುತ್ತದೆ, 'ಮಾಡದೆ' ಅನ್ನೋದೂ 'ಮಾಡ್ದೆ' ಆಗುತ್ತದೆ. ಎದುರಿಗಿದ್ದರೆ ದನಿಯ ಏರಿಳಿತ, ನಡುವಿನ ನಿಲುಗಡೆ, ಮುಖ ನೋಡಿ ಗೊತ್ತಾಗುತ್ತದೆ. ಅಕ್ಷರದಲ್ಲಿ ಅದು ಯಾವುದೂ ಇಲ್ಲ. ಹಾಗಾಗಿ ಇಲ್ಲಿ 'ಊಟ ಮಾಡದೆ ಬಂದೆ' ಅಂತ ಪೂರ್ತಿ ಬರೆಯಬೇಕು. ಅದು ಆಡುಮಾತಿನಿಂದ ಸ್ವಲ್ಪ ಆಚೆ ಹೋದರೂ ಪರವಾಗಿಲ್ಲ, ಹಸಿದವನನ್ನು ಹೊಟ್ಟೆ ತುಂಬಿದವನನ್ನಾಗಿ ಮಾಡುವುದಕ್ಕಿಂತ ಒಳ್ಳೆಯದು.

'ಹೇಳಿದ್ರೆ' ಕೂಡ ಇದೇ ಜಾತಿಯದು. 'ಹೇಳಿದರೆ', 'ಹೇಳಿದ್ದರೆ' ಎರಡೂ ಬಾಯಲ್ಲಿ 'ಹೇಳಿದ್ರೆ' ಆಗುತ್ತವೆ. ಆದರೆ ಇಲ್ಲಿ ಹೆದರಬೇಕಾಗಿಲ್ಲ, ಯಾಕೆಂದರೆ ವಾಕ್ಯದ ಕೊನೆಯೇ ಬಿಡಿಸಿ ಹೇಳುತ್ತದೆ. 'ಹೇಳಿದ್ರೆ ಬರ್ತೀನಿ' ಅಂದರೆ ಮುಂದಿನದು. 'ಹೇಳಿದ್ರೆ ಬರ್ತಿದ್ದೆ' ಅಂದರೆ ಹೇಳಲಿಲ್ಲ, ಬರಲಿಲ್ಲ. ಹೀಗಾಗಿ ಕತ್ತರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು 'ಈ ರೂಪಕ್ಕೆ ಎರಡು ಅರ್ಥ ಇದೆಯಾ' ಅಂತ ಮಾತ್ರ ಅಲ್ಲ. 'ಇದ್ದರೆ, ಅದನ್ನು ಬಿಡಿಸುವ ಪದ ಅದೇ ವಾಕ್ಯದಲ್ಲಿ ಇದೆಯಾ' ಅಂತ. ಇದ್ದರೆ ಆಡುಮಾತು ಹಾಕಿ, ಇಲ್ಲದಿದ್ದರೆ ಪೂರ್ತಿ ರೂಪ.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ, ಇದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಬರಹದ 'ಮಾಡಿದೆ' ಅನ್ನೋದಕ್ಕೇ ಎರಡು ಅರ್ಥ: 'ನಾನು ಮಾಡಿದೆ', 'ಅದು ಮಾಡಿದೆ'. 'ಏನೋ ತಪ್ಪು ಮಾಡಿದೆ' ಅಂದರೆ ತಪ್ಪು ಮಾಡಿದ್ದು ನಾನೋ, ಫೋನೋ? ಆಡುಮಾತು ಇದನ್ನು ಚೆನ್ನಾಗಿ ಬಿಡಿಸುತ್ತದೆ: 'ಏನೋ ತಪ್ಪು ಮಾಡ್ದೆ' ಅಂದರೆ ನಾನು, 'ಏನೋ ತಪ್ಪು ಮಾಡಿದೆ' ಅಂದರೆ ಫೋನು. ಬರಹ ಯಾವಾಗಲೂ ಸ್ಪಷ್ಟ, ಮಾತು ಯಾವಾಗಲೂ ಗೊಂದಲ ಅನ್ನೋ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಬರೆಯುವಾಗ ಕೀಬೋರ್ಡ್ ಕೊಡುವ ತೊಂದರೆಯೂ ಒಂದಿದೆ. ಸ್ವರ ತೆಗೆದ ಕೂಡಲೇ ಕನ್ನಡದಲ್ಲಿ ಒತ್ತಕ್ಷರ ಹುಟ್ಟುತ್ತದೆ. 'ಮಾಡ್ತೀನಿ', 'ಹೋಗ್ಬೇಕು' ನೋಡಲು ಚೆನ್ನಾಗಿವೆ. 'ಮರೆತುಬಿಟ್ಟೆ' ಅನ್ನೋದನ್ನು ಬಾಯಲ್ಲಿ ಬಂದಂತೆ ಬರೆದರೆ 'ಮರ್ತ್ಬಿಟ್ಟೆ' ಆಗಿ ಮೂರು ವ್ಯಂಜನ ಒಂದರ ಮೇಲೊಂದು ಕೂರುತ್ತವೆ, ಸಣ್ಣ ಪರದೆಯಲ್ಲಿ ಓದಲು ಕಷ್ಟ. ನಡುವೆ ಕಾಣದ ಅಕ್ಷರ U+200C ಹಾಕಿ 'ಮರ್ತ್‌ಬಿಟ್ಟೆ' ಅಂತ ಬಿಡಿಸಿಡಬಹುದು. 'ಬಸ್‌ನಲ್ಲಿ', 'ಫೋನ್‌ಗೆ' ಅಂತ ಬರೆಯುವಾಗ ಮಾಡುವುದು ಇದನ್ನೇ. ಆದರೆ ಸಂಭಾಷಣೆಯ ಪ್ರತಿ ಪದಕ್ಕೂ ಅದನ್ನು ಹಾಕುತ್ತಾ ಕೂರಬೇಕಾಗಿ ಬಂದರೆ, ಅಲ್ಲಿ ಜಾಸ್ತಿ ಕತ್ತರಿಸಿದ್ದೀರಿ ಅಂತಲೇ ಅರ್ಥ. ನಾನು ಅನುಸರಿಸುವುದು ಇಷ್ಟು: ಮೂರು ವ್ಯಂಜನ ಒಟ್ಟಿಗೆ ಬಂದರೆ ಒಂದು ಸ್ವರ ವಾಪಸ್ ಕೊಡುವುದು. 'ಮರೆತುಬಿಟ್ಟೆ' ಅಂತ ಪೂರ್ತಿ ಬರೆದರೂ ಓದುವವರ ಬಾಯಿ ತಾನಾಗೇ 'ಮರ್ತ್‌ಬಿಟ್ಟೆ' ಅನ್ನುತ್ತದೆ.

ಈ ಕೊನೆಯ ಮಾತು ನನಗೆ ಮುಖ್ಯ ಅನಿಸುತ್ತದೆ. ಕೆಲವು ಪದಗಳನ್ನು ಪೂರ್ತಿ ಬರೆದರೂ ಓದುವವರು ಆಡುಮಾತಾಗಿಯೇ ಓದಿಕೊಳ್ಳುತ್ತಾರೆ, ಕೆಲವನ್ನು ಹಾಗೆ ಓದಿಕೊಳ್ಳಲು ಆಗುವುದೇ ಇಲ್ಲ. 'ಅವನಿಗೆ' ಅಂತ ಬರೆದರೆ ಮೈಸೂರಿನವರು 'ಅವ್ನಿಗೆ' ಅಂತಲೋ 'ಅವಂಗೆ' ಅಂತಲೋ ಸಲೀಸಾಗಿ ಕೇಳಿಸಿಕೊಳ್ಳುತ್ತಾರೆ. 'ಮನೆಯಲ್ಲಿ' ಕೂಡ ಹೆಚ್ಚು ಕಡಿಮೆ ಹಾಗೇ, ಆದರೂ 'ಮನೇಲಿ' ಅಷ್ಟು ರೂಢಿಯಾಗಿರುವುದರಿಂದ ಧಾರಾಳವಾಗಿ ಬಳಸಿ. 'ಕಾಯುತ್ತಿದ್ದೇನೆ' ಅನ್ನೋದನ್ನು ಮಾತ್ರ ಯಾರೂ ಮನಸ್ಸಿನಲ್ಲಿ 'ಕಾಯ್ತಾ ಇದ್ದೀನಿ' ಅಂತ ಬದಲಿಸಿಕೊಂಡು ಓದುವುದಿಲ್ಲ. ಅದು ಬೇರೆಯೇ ರೂಪ, ಬೇರೆಯೇ ದನಿ. ಕ್ರಿಯಾಪದದ ಕೊನೆಯಲ್ಲಿ ಆಡುಮಾತು ಬೇಕೇ ಬೇಕು, ನಾಮಪದದಲ್ಲಿ ಬೇಕಾಗಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಈಗ ಇನ್ನೊಂದು ಸಾಲು ತೆಗೆದುಕೊಂಡು ಪೂರ್ತಿ ಮಾಡಿ ನೋಡೋಣ. 'ಐ ಟೋಲ್ಡ್ ಹಿಮ್ ಐ ವುಡ್ ಕಾಲ್, ಬಟ್ ಐ ಫರ್ಗಾಟ್.' ಬರಹದ ರೂಪದಲ್ಲಿ ಮೊದಲು ಕೈಗೆ ಬರುವುದು: 'ನಾನು ಕರೆ ಮಾಡುತ್ತೇನೆ ಎಂದು ನಾನು ಅವನಿಗೆ ಹೇಳಿದ್ದೆ, ಆದರೆ ನಾನು ಮರೆತೆ.' ಮೂರು 'ನಾನು'ಗಳಲ್ಲಿ ಮೂರನ್ನೂ ತೆಗೆಯಬಹುದು. 'ಕರೆ ಮಾಡು' ಅನ್ನೋದು ಫೋನಿನ ಪರದೆ ಮೇಲಿನ ಪದ, ಮನೆಯಲ್ಲಿ ನಾವು 'ಫೋನ್ ಮಾಡು' ಅಂತೀವಿ. 'ಎಂದು' ಹೋಗಿ 'ಅಂತ' ಬಂತು, 'ಮಾಡುತ್ತೇನೆ' ಹೋಗಿ 'ಮಾಡ್ತೀನಿ' ಬಂತು. 'ಅವನಿಗೆ' ಹಾಗೇ ಇರಲಿ. 'ಆದರೆ' ಬೇಕಾ? ಮಾತಿನಲ್ಲಿ ಇಂಥ ಕಡೆ ಎರಡು ವಾಕ್ಯ ಸುಮ್ನೆ ಪಕ್ಕಪಕ್ಕ ನಿಲ್ಲುತ್ತವೆ. ಇನ್ನು 'ಮರೆತೆ'. ತಾನು ಬೇಕಂತ ಮಾಡಲಿಲ್ಲ ಅನ್ನುವ ದನಿ ಇಂಗ್ಲಿಷ್ ಸಾಲಿನಲ್ಲಿ ಇದೆ, ಕನ್ನಡದಲ್ಲಿ ಅದು 'ಮರೆತೇ ಹೋಯ್ತು' ಅಂದಾಗ ಬರುತ್ತದೆ. ಒಟ್ಟು ಸಾಲು: 'ಫೋನ್ ಮಾಡ್ತೀನಿ ಅಂತ ಅವನಿಗೆ ಹೇಳಿದ್ದೆ, ಮರೆತೇ ಹೋಯ್ತು.' ಇದರಲ್ಲಿ ನಿಜವಾಗಿ ಸ್ವರ ಕಳೆದುಕೊಂಡ ಪದಗಳು ಎರಡೇ, 'ಮಾಡ್ತೀನಿ' ಮತ್ತು 'ಹೋಯ್ತು'. ಉಳಿದ ಅಕ್ಷರವೆಲ್ಲ ಶಾಲೆಯಲ್ಲಿ ಕಲಿಸಿದ ಕಾಗುಣಿತವೇ. ಆದರೂ ಪೂರ್ತಿ ಮಾತಿನ ಹಾಗೆ ಕೇಳುತ್ತದೆ.

ಒಂದೇ ವಾಕ್ಯದಲ್ಲಿ ಎರಡು ಕ್ರಿಯಾಪದ ಇದ್ದಾಗ ಎರಡರ ಕೊನೆಯೂ ಒಂದೇ ಕಡೆಯದಾಗಿರಬೇಕು. 'ಫೋನ್ ಮಾಡ್ತೀನಿ ಎಂದು ಹೇಳಿದ್ದೆನು', 'ಕಾಯುತ್ತಿದ್ದೇನೆ ಕಣೋ' ಇಂಥವು ಎರಡು ಬೇರೆ ಬೇರೆ ಜನ ಮಾತಾಡಿದ ಹಾಗೆ ಕೇಳುತ್ತವೆ. 'ಕಣೋ' ಹಾಕಿದ ಮೇಲೆ ಹಿಂದಿನ ಕ್ರಿಯಾಪದ ಇಳಿಯಲೇಬೇಕು. ತುಂಬ ಅನುವಾದಗಳಲ್ಲಿ ನಾನು ನೋಡಿದ ತೊಡಕು ಇದೇ: ವಾಕ್ಯವನ್ನು ಬರಹದಲ್ಲಿ ಮಾಡಿ ಮುಗಿಸಿ, ಆಮೇಲೆ ಕೊನೆಗೆ ಒಂದು 'ಕಣೋ' ಅಂಟಿಸಿ ಆಡುಮಾತು ಆಯಿತು ಅಂದುಕೊಳ್ಳುವುದು.

'ಕಣೋ' ಹಾಕುವುದಕ್ಕೆ ಮುಂಚೆ ಇನ್ನೊಂದು ಪ್ರಶ್ನೆ ಇತ್ತು, ಅದನ್ನು ಮೊದಲೇ ಕೇಳಿಕೊಳ್ಳಬೇಕು: ಯಾರು ಯಾರಿಗೆ ಹೇಳುತ್ತಿದ್ದಾರೆ? ಇಂಗ್ಲಿಷ್‌ನ 'ಯೂ' ಏನನ್ನೂ ಹೇಳುವುದಿಲ್ಲ. ಗಂಡು ಗೆಳೆಯನಾದರೆ 'ಕಣೋ', ಗೆಳತಿಯಾದರೆ 'ಕಣೇ', ಅಷ್ಟೇನೂ ಸಲಿಗೆ ಇಲ್ಲದವರಾದರೆ 'ಬರ್ತೀರಾ ಇಲ್ವಾ', ಜೊತೆಗೆ ಬೇಕಾದರೆ 'ಕಣ್ರೀ'. ಮೂಲ ಸಾಲಿನಲ್ಲಿ ಯಾರು ಅಂತ ಗೊತ್ತಾಗದಿದ್ದರೆ 'ಕಣೋ', 'ಮಗಾ', 'ಗುರು' ಯಾವುದೂ ಬೇಡ. ಅವಿಲ್ಲದೆಯೂ 'ಬರ್ತೀಯೋ ಇಲ್ವೋ' ಸಲಿಗೆಯನ್ನು ಸಾಕಷ್ಟು ತೋರಿಸುತ್ತದೆ. 'ನೀನು'ವೋ 'ನೀವು'ವೋ ಅನ್ನೋದನ್ನು ಮಾತ್ರ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅದು ಕ್ರಿಯಾಪದದಲ್ಲೇ ಕೂತಿದೆ. ಹಿಂದಿನ ಮುಂದಿನ ಸಾಲು ನೋಡಿ, ವಯಸ್ಸು, ಸಂಬಂಧ ಹುಡುಕಿ. ಏನೂ ಸಿಗದಿದ್ದರೆ ಚಾಟ್‌ನ ಬೈಗುಳ, ಸಿಟ್ಟು, ತಮಾಷೆಗೆಲ್ಲ 'ನೀನು', ಕೆಲಸದ ವಿಚಾರಕ್ಕೆ 'ನೀವು' ಅನ್ನುವುದು ಸಾಮಾನ್ಯವಾಗಿ ಹೊಂದುತ್ತದೆ.

ಆಡುಮಾತು ಅಂದರೆ ಯಾರ ಆಡುಮಾತು ಅನ್ನೋದೂ ತೀರ್ಮಾನ ಆಗಬೇಕು. ಇಲ್ಲಿಯವರೆಗೆ ನಾನು ಕೊಟ್ಟಿರುವುದೆಲ್ಲ ಬೆಂಗಳೂರು ಮೈಸೂರು ಕಡೆಯದು. ಸಿನಿಮಾ, ಟೀವಿ ಇದನ್ನೇ ಎಲ್ಲ ಕಡೆ ಹಬ್ಬಿಸಿರುವುದರಿಂದ ಊರಿನ ಗುರುತಿಲ್ಲದ ಸಾಲಿಗೆ ಇದನ್ನು ಹಾಕುವುದು ಅನುಕೂಲ, ಅಷ್ಟೇ. ಇದೇ ಶುದ್ಧ ಅಂತ ಅಲ್ಲ. ಧಾರವಾಡದ ಕಡೆ ಅದೇ ಸಾಲು 'ಅರ್ಧಾ ತಾಸಿನಿಂದ ಕಾಯಾಕತ್ತೀನಿ' ಆಗುತ್ತದೆ. ಗಂಟೆ ಅಲ್ಲ, ತಾಸು. ಮಂಗಳೂರಿನಲ್ಲಿ 'ಅರ್ಧ ಗಂಟೆಯಿಂದ ಕಾಯ್ತಾ ಇದ್ದೇನೆ ಮಾರಾಯ'. ಇಲ್ಲಿ ಕೊನೆ 'ಈನಿ' ಅಲ್ಲ, 'ಏನೆ'. ಬೆಂಗಳೂರಿನವರಿಗೆ ಬರಹದ ಹಾಗೆ ಕಾಣುವ 'ಬರ್ತೇನೆ' ಕರಾವಳಿಯವರಿಗೆ ಮನೆಮಾತೇ. 'ಇದೆ' ಅನ್ನೋದು ಕರಾವಳಿಯಲ್ಲಿ 'ಉಂಟು', ಧಾರವಾಡ ಬೆಳಗಾವಿ ಕಡೆ 'ಐತಿ', ಕಲಬುರಗಿ ಬೀದರ್ ಕಡೆ 'ಅದ'. ಪಾತ್ರ ಹುಬ್ಬಳ್ಳಿಯವನು ಅಂತ ಮೂಲದಲ್ಲೇ ಇದ್ದರೆ, ಮತ್ತು ಅನುವಾದ ಮಾಡುವವರಿಗೆ ಆ ಮಾತು ಬಾಯಲ್ಲಿ ಬರುತ್ತಿದ್ದರೆ, ಖಂಡಿತ ಹಾಗೇ ಬರೆಯಿರಿ. ಬರದಿದ್ದರೆ 'ಐತಿ' ಒಂದನ್ನು ತಂದು ಬೆಂಗಳೂರಿನ ವಾಕ್ಯಕ್ಕೆ ಸಿಕ್ಕಿಸಬೇಡಿ. ಆ ಊರಿನವರಿಗೆ ಅದು ತಮ್ಮ ಮಾತನ್ನು ಅಣಕಿಸಿದಂತೆ ಕೇಳುತ್ತದೆ, ಅವರ ಬೇಸರ ನ್ಯಾಯವಾದದ್ದು. ಅಮೆರಿಕದ ಯಾವುದೋ ಊರಿನ ಹುಡುಗ ಇನ್ನೊಬ್ಬನಿಗೆ ಕಳಿಸಿದ ಮೆಸೇಜನ್ನು ಮಂಡ್ಯದ ಮಾತಿಗೋ ಕುಂದಾಪುರದ ಮಾತಿಗೋ ತರುವುದೂ ನನಗೆ ಒಪ್ಪಿಗೆಯಿಲ್ಲ, ಓದುವವರು ಹುಡುಗನನ್ನು ಬಿಟ್ಟು ಊರನ್ನು ಹುಡುಕುತ್ತಾರೆ.

ಬರಹದ ರೂಪವನ್ನೇ ಆರಿಸಬೇಕಾದ ಜಾಗಗಳೂ ಇವೆ. ಚಾಟ್‌ನಲ್ಲಿ ಬಂದದ್ದೆಲ್ಲ ಸಲಿಗೆಯ ಮಾತಲ್ಲ. ಅಪಾರ್ಟ್‌ಮೆಂಟಿನ ಗುಂಪಿಗೆ ಕಾರ್ಯದರ್ಶಿ 'ನಾಳೆ ಬೆಳಿಗ್ಗೆ ನೀರು ಬರುವುದಿಲ್ಲ, ದಯವಿಟ್ಟು ಸಹಕರಿಸಿ' ಅಂತ ಹಾಕಿದರೆ ಅದು ನೋಟಿಸು, 'ನಾಳೆ ನೀರು ಬರಲ್ಲ' ಅಂತ ಇಳಿಸಿದರೆ ಅವರ ದನಿಯೇ ಹೋಯಿತು. ಕಥೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮೊಮ್ಮಗಳಿಗೂ ಪೂರ್ಣವಿರಾಮ ಇಟ್ಟು ಮೆಸೇಜು ಮಾಡುವವರಾದರೆ, 'ಕ್ಷೇಮವಾಗಿ ತಲುಪಿದೆಯಾ ಮಗಳೇ? ಕಾಯುತ್ತಿದ್ದೇನೆ.' ಅನ್ನೋದೇ ಸರಿ. ಅಲ್ಲಿ ಬರಹದ ರೂಪ ಅವರ ಸ್ವಭಾವ. ಮೊಮ್ಮಗಳ ಉತ್ತರ 'ಹ್ಞೂಂ ತಾತ, ಈಗ ಬಂದೆ' ಅಂತ ಇದ್ದರೆ ಇಬ್ಬರ ನಡುವಿನ ಅಂತರವೂ ಪ್ರೀತಿಯೂ ಒಟ್ಟಿಗೆ ಕಾಣುತ್ತದೆ. ಎಲ್ಲರನ್ನೂ ಒಂದೇ ಆಡುಮಾತಿಗೆ ಇಳಿಸಿದರೆ ಇದು ಸಿಗುವುದಿಲ್ಲ.

ಸಬ್‌ಟೈಟಲ್ ಆದರೆ ಎರಡನೆಯ ರೂಪಕ್ಕೆ ಇನ್ನೊಂದು ಕಾರಣ ಇದೆ. ಪರದೆ ಮೇಲೆ ಸಾಲು ನಿಲ್ಲುವುದು ಕೆಲವೇ ಕ್ಷಣ. 'ಬರುತ್ತಿರುವೆಯೋ ಅಥವಾ ಇಲ್ಲವೋ' ಓದಿ ಮುಗಿಸುವುದರಲ್ಲಿ ದೃಶ್ಯ ಬದಲಾಗುತ್ತದೆ, 'ಬರ್ತೀಯೋ ಇಲ್ವೋ' ಕಣ್ಣಿಗೆ ಒಂದೇ ಏಟಿಗೆ ಸಿಗುತ್ತದೆ. ಮೂರನೆಯ ರೂಪ 'ಕಣೋ' ಬಿಟ್ಟರೆ ಅಕ್ಷರದ ಲೆಕ್ಕದಲ್ಲಿ ಇನ್ನೂ ಚಿಕ್ಕದು, ಆದರೆ ಒತ್ತಕ್ಷರ ಬಿಡಿಸುವುದರಲ್ಲೇ ಆ ಸಮಯ ಹೋಗುತ್ತದೆ.

ಕನ್ನಡ ಕಲಿಯುವವರಿಗಾಗಿ ಇಂಗ್ಲಿಷ್ ಕನ್ನಡ ಜೋಡಿ ವಾಕ್ಯಗಳನ್ನು ಬರೆಯುತ್ತಿದ್ದರೆ ಮಾತ್ರ ಒಂದನ್ನೇ ಆರಿಸಬೇಡಿ, ಎರಡನ್ನೂ ಕೊಡಿ. ಕಲಿಯುವವರು ಬಸ್ಸಿನಲ್ಲಿ ಕೇಳುವುದು 'ಮಾಡ್ತೀನಿ', ಪತ್ರಿಕೆಯಲ್ಲಿ ಓದುವುದು 'ಮಾಡುತ್ತೇನೆ'. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ, ಎರಡೂ ಒಂದೇ ಅಂತ ಅವರಿಗೆ ಯಾರಾದರೂ ಹೇಳಬೇಕು. ಮೊದಲು 'ಬರ್ತೀಯೋ ಇಲ್ವೋ?' ಅಂತ ಬರೆದು, ಅದರ ಕೆಳಗೆ 'ಬರುತ್ತೀಯೋ ಇಲ್ಲವೋ?' ಅಂತ ಕೊಡಿ. ಗಮನಿಸಿ, ಕೆಳಗಿನದು 'ನೀನು ಬರುತ್ತಿರುವೆಯೋ ಅಥವಾ ಇಲ್ಲವೋ' ಅಲ್ಲ. ಬರಹದ ರೂಪಕ್ಕೆ ಹೋದರೂ ವಾಕ್ಯ ಕನ್ನಡದ್ದೇ ಆಗಿರಬೇಕು, ಆಗ ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ 'ರುತ್ತೀ' ಅನ್ನೋದು 'ರ್ತೀ' ಆದದ್ದು, 'ಲ್ಲವೋ' ಅನ್ನೋದು 'ಲ್ವೋ' ಆದದ್ದು ನೇರವಾಗಿ ಕಾಣುತ್ತದೆ.